ತಿಂಡಿ ತಿಂದೇ ಬನ್ನಿ

ಜೂನ್ ಎರಡನೇ ವಾರ ಬಂತೆಂದರೆ ತಾಲ್ಲೂಕು ವರದಿಗಾರರ ವಾಟ್ಸ್‌ಆ್ಯಪ್‌ಗೆ ರಕ್ತದಾನ ಶಿಬಿರದ ಪ್ರಕಟಣೆಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಜೂನ್ 14. ಅದೇ ವಿಶ್ವ ರಕ್ತದಾನಿಗಳ ದಿನ. ಬಂದ ಪ್ರಕಟಣೆಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಉದ್ಘಾಟಕರು, ಅಧ್ಯಕ್ಷತೆ ವಹಿಸುವವರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ ಎಂದು ಹತ್ತು ಹದಿನೈದು ಹೆಸರು. ಕೊನೆಗೆ ‘ಆರೋಗ್ಯವಂತ ಯುವಕರು ಹೆಚ್ಚಿನ ಸಂಖ್ಯೆಯಲ್ಲಿ ಪಾಲ್ಗೊಳ್ಳಬೇಕೆಂದು ಕೋರಲಾಗಿದೆ’ ಎಂಬ ಸಾಲು. ಜಿಲ್ಲಾ ಪುಟದಲ್ಲಿ ಅದಕ್ಕೆ ಸಿಗುವುದು ಒಂದು ಕಾಲಂನಲ್ಲಿ ಎರಡು ಇಂಚು ಜಾಗ. ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾ ಬಂದರೆ ಉಳಿಯುವುದು ಅತಿಥಿಗಳ ಹೆಸರು. ಹೋಗುವುದು ಯಾರು ಬರಬಹುದು, ಹೇಗೆ ಬರಬೇಕು ಎಂಬ ಮಾತು.

ಅದರ ಫಲ ಶಿಬಿರದ ದಿನ ನೋಂದಣಿ ಮೇಜಿನ ಮುಂದೆ ಕಾಣಿಸುತ್ತದೆ. ರಕ್ತ ಪರೀಕ್ಷೆಯೆಂದರೆ ಖಾಲಿ ಹೊಟ್ಟೆ ಎಂದು ನಂಬಿ ಒಂದು ಲೋಟ ಕಾಫಿಯನ್ನೂ ಕುಡಿಯದೆ ಬಂದವರು, ರಾತ್ರಿ ಪಾಳಿ ಮುಗಿಸಿ ನೇರ ಕಾರ್ಖಾನೆಯಿಂದ ಬಂದವರು, ನಾಲ್ಕು ತಿಂಗಳ ಹಿಂದೆ ತೋಳಿಗೆ ಹಚ್ಚೆ ಹಾಕಿಸಿಕೊಂಡವರು ಸಾಲಿನಲ್ಲಿ ಅರ್ಧ ಗಂಟೆ ನಿಂತು ವಾಪಸ್ ಹೋಗುತ್ತಾರೆ. ಹೀಗೆ ವಾಪಸ್ ಹೋದವರು ಮುಂದಿನ ಶಿಬಿರದತ್ತ ತಲೆ ಹಾಕುವುದು ಕಡಿಮೆ. ಪ್ರಕಟಣೆ ಸರಿಯಾಗಿದ್ದಿದ್ದರೆ ಅವರಲ್ಲಿ ಕೆಲವರು ತಿಂಡಿ ತಿಂದು ಬರುತ್ತಿದ್ದರು, ಕೆಲವರು ದಿನ ನೋಡಿಕೊಂಡು ಮುಂದಿನ ಸಲ ಬರುತ್ತಿದ್ದರು.

ಒಳ್ಳೆಯ ಪ್ರಕಟಣೆಯಲ್ಲಿ ಇರಬೇಕಾದ್ದು ಮೂರೇ ವಿಷಯ: ಸಮಯ, ಸ್ಥಳ, ಅರ್ಹತೆ. ಮೂರನ್ನೂ ಸಂಘದ ಕಚೇರಿಯಲ್ಲಿ ಕೂತು ತೀರ್ಮಾನಿಸಲು ಬರುವುದಿಲ್ಲ. ಮೊದಲು ರಕ್ತನಿಧಿಯವರ ಜೊತೆ ಮಾತಾಡಬೇಕು. ಅದೂ ಯಾವುದೋ ರಕ್ತನಿಧಿ ಆಗದು. ಹೊರಗಡೆ ಶಿಬಿರ ನಡೆಸುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ಸರ್ಕಾರಿ ರಕ್ತನಿಧಿ, ರೆಡ್‌ಕ್ರಾಸ್, ಪ್ರಾದೇಶಿಕ ಕೇಂದ್ರಗಳು ಮತ್ತು ರಾಜ್ಯ ರಕ್ತ ಸಂಚಲನಾ ಪರಿಷತ್ತಿನ ಮಾನ್ಯತೆ ಪಡೆದ ಸೇವಾ ಸಂಸ್ಥೆಗಳ ರಕ್ತನಿಧಿಗಳಿಗೆ. ರಕ್ತ ಯಾರ ಕೈ ಸೇರುತ್ತದೆ ಎಂದು ಓದುಗನಿಗೆ ಗೊತ್ತಾಗಬೇಕಾದ್ದರಿಂದ ಆ ಕೇಂದ್ರದ ಹೆಸರು ಅತಿಥಿಗಳ ಹೆಸರಿಗಿಂತ ಮೇಲೆ ಇರಬೇಕು.

ಸಮಯದ ಲೆಕ್ಕ ಹೀಗಿದೆ. ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಪ್ರಕಾರ ಮೂರು ಗಂಟೆಯಲ್ಲಿ 50ರಿಂದ 70 ಮಂದಿಯ, ಇಲ್ಲವೇ ಐದು ಗಂಟೆಯಲ್ಲಿ 100ರಿಂದ 120 ಮಂದಿಯ ರಕ್ತ ಪಡೆಯಲು ಒಬ್ಬ ವೈದ್ಯರು, ಇಬ್ಬರು ನರ್ಸ್‌ಗಳು, ಮೂವರು ತಂತ್ರಜ್ಞರು, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಸಹಾಯಕರು ಬೇಕು. ಮಂಚಗಳು ಆರರಿಂದ ಎಂಟು. ಹಾಗಾಗಿ ಒಂದು ತಂಡವನ್ನು ಕರೆಸಿ ‘ಐನೂರು ಯೂನಿಟ್ ಗುರಿ’ ಎಂದು ಬರೆಯುವ ಸಂಘದವರು ಈ ಲೆಕ್ಕ ಹಾಕಿಲ್ಲ ಎಂದೇ ಅರ್ಥ. ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ಎಂದರೆ ನೂರು ಚಿಲ್ಲರೆ ಜನ.

ಇದರ ನಡುವೆ ಉದ್ಘಾಟನೆಯ ಗೊಡವೆ ಬೇರೆ. ಒಂಬತ್ತಕ್ಕೆ ಬರಬೇಕಾದ ಅತಿಥಿ ಹನ್ನೊಂದಕ್ಕೆ ಬಂದು, ದೀಪ ಹಚ್ಚಿ, ಮೊದಲ ದಾನಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರೆಗೆ ಮಂಚಗಳು ಖಾಲಿ. ಎರಡು ಗಂಟೆ ಹೋಯಿತೆಂದರೆ ನಲವತ್ತು ಚೀಲ ಹೋಯಿತು. ಆದ್ದರಿಂದ ಬಲ್ಲ ಸಂಘಟಕರು ಪ್ರಕಟಣೆಯಲ್ಲಿ ಎರಡು ಹೊತ್ತನ್ನು ಬೇರೆಬೇರೆ ಬರೆಯುತ್ತಾರೆ: ‘ರಕ್ತ ಸಂಗ್ರಹ ಬೆಳಿಗ್ಗೆ 9ರಿಂದ, ಸಭಾ ಕಾರ್ಯಕ್ರಮ 11ಕ್ಕೆ’.

ಮುಗಿಯುವ ಹೊತ್ತಿಗೂ ಕಾರಣವಿದೆ. ಚೀಲದ ರಕ್ತದಿಂದ ಕಿರುಬಿಲ್ಲೆ, ಅಂದರೆ ಪ್ಲೇಟ್‌ಲೆಟ್, ಬೇರ್ಪಡಿಸಬೇಕಿದ್ದರೆ ಅದು ಸಾಮಾನ್ಯವಾಗಿ ಆರು ಗಂಟೆಯೊಳಗೆ ಕೇಂದ್ರದ ಯಂತ್ರಕ್ಕೆ ಸೇರಬೇಕು. ಒಂಬತ್ತಕ್ಕೆ ತುಂಬಿದ ಚೀಲ ಸಂಜೆ ಐದಕ್ಕೆ ಜಿಲ್ಲಾ ಕೇಂದ್ರ ಮುಟ್ಟಿದರೆ ಆ ಅವಕಾಶ ತಪ್ಪಿತು. ಕೆಂಪು ಕಣಗಳು ಫ್ರಿಜ್‌ನಲ್ಲಿ 35 ದಿನ ಬಾಳುತ್ತವೆ, ಸಂರಕ್ಷಕ ದ್ರಾವಣ ಸೇರಿಸಿದರೆ 42 ದಿನ. ಕಿರುಬಿಲ್ಲೆಗಳ ಆಯಸ್ಸು ಬರೀ ಐದು ದಿನ. ಮಳೆಗಾಲದಲ್ಲಿ ಡೆಂಗಿ ವಾರ್ಡಿನವರು ಕೇಳುವುದು ಇವನ್ನೇ.

ಸ್ಥಳದ ವಿಷಯದಲ್ಲಿ ‘ಸಮುದಾಯ ಭವನದಲ್ಲಿ’ ಎಂದಷ್ಟೇ ಬರೆದರೆ ಸಾಲದು. ಈಗ ಸಣ್ಣ ಊರಿನಲ್ಲೂ ಮೂರು ಸಮುದಾಯ ಭವನಗಳಿರುತ್ತವೆ. ಎದುರಿಗೆ ಏನಿದೆ, ಯಾವ ಬಸ್ ನಿಲ್ದಾಣ ಹತ್ತಿರ ಎಂದು ಹೇಳಬೇಕು. ಜಾಗ ಆರಿಸುವಾಗ ನೆಲಮಹಡಿಯೇ ಮೇಲು. ರಕ್ತ ಕೊಟ್ಟು ಎದ್ದವರಲ್ಲಿ ಒಬ್ಬಿಬ್ಬರಿಗೆ ತಲೆ ಸುತ್ತುವುದುಂಟು. ಅಂಥವರು ಮೆಟ್ಟಿಲ ಮೇಲೆ ಕುಸಿದರೆ ತಲೆಗೆ ಏಟಾಗುತ್ತದೆ. ಕೈ ತೊಳೆಯುವ ನೀರು, ಕಡಿತವಿಲ್ಲದ ವಿದ್ಯುತ್, ವಿಶ್ರಾಂತಿಗೆ ಬೇರೆ ಜಾಗ, ವ್ಯಾನ್ ಬಾಗಿಲವರೆಗೆ ಬರುವ ದಾರಿ ಇದ್ದರೆ ಸರ್ಕಾರಿ ಶಾಲೆಯ ಕೊಠಡಿಯೂ ಸೈ. ಮೇ ತಿಂಗಳ ಮಧ್ಯಾಹ್ನ ಶಾಮಿಯಾನದ ಕೆಳಗೆ ಶಿಬಿರ ಬೇಡ.

ಇನ್ನು ಅರ್ಹತೆ. ಬರೆಯುವವರು ಹೆಚ್ಚು ಎಡವುವುದು ಇಲ್ಲೇ. ವಯಸ್ಸು 18ರಿಂದ 65. ಆದರೆ ಜೀವನದಲ್ಲಿ ಮೊದಲ ಸಲ ಕೊಡುವವರು 60 ದಾಟಿರಬಾರದು. ತೂಕ ಕನಿಷ್ಠ 45 ಕಿಲೊ. ಅಷ್ಟಿದ್ದವರಿಂದ ತೆಗೆಯುವುದು 350 ಮಿಲಿಲೀಟರ್. 450ರ ಚೀಲಕ್ಕೆ 55 ಕಿಲೊ ದಾಟಿರಬೇಕು. ಹಿಮೋಗ್ಲೋಬಿನ್ ಗಂಡಸರಿಗೂ ಹೆಂಗಸರಿಗೂ ಒಂದೇ, 12.5 ಗ್ರಾಂ.

ಈ 12.5 ಅನ್ನು ಅಳೆಯುವ ಹಳೆಯ ಕ್ರಮವೊಂದು ಅಡಿಕೆ ಬೆಳೆಗಾರರಿಗೆ ಕೂಡಲೇ ಅರ್ಥವಾಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಅದೇ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಅದರ ಸಾಂದ್ರತೆ ನಿಖರವಾಗಿ 1.053 ಇರುವಂತೆ ಮಾಡಿ ಸಣ್ಣ ಸೀಸೆಯಲ್ಲಿ ಇಟ್ಟಿರುತ್ತಾರೆ. ಬೆರಳ ತುದಿ ಚುಚ್ಚಿ ಒಂದು ಹನಿಯನ್ನು ಆ ನೀಲಿ ನೀರಿಗೆ ಬಿಡುತ್ತಾರೆ. ಹದಿನೈದು ಸೆಕೆಂಡಿನೊಳಗೆ ಹನಿ ತಳ ಸೇರಿದರೆ ಪಾಸ್. ಕೆಂಪು ಕಣ ಸಾಲದ ಹನಿ ಹಗುರ. ಅದು ನಡುವೆ ತೇಲಿ ನಿಲ್ಲುತ್ತದೆ, ಕೆಲವೊಮ್ಮೆ ಮೇಲಕ್ಕೇ ಬರುತ್ತದೆ. ಈಚೆಗೆ ಬೆರಳಿನ ಹನಿಯಲ್ಲೇ ಅಂಕಿ ತೋರಿಸುವ ಸಣ್ಣ ಯಂತ್ರಗಳೂ ಬಂದಿವೆ.

ಈ ಹನಿ ತೇಲುವುದು ಹೆಚ್ಚಾಗಿ ಹೆಂಗಸರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಮುಟ್ಟಿನ ದಿನಗಳಲ್ಲಿ, ಹಾಲೂಡಿಸುವ ಕಾಲದಲ್ಲಿ, ಹೆರಿಗೆಯಾಗಿ ಒಂದು ವರ್ಷದವರೆಗೆ ಅವರು ಕೊಡುವಂತಿಲ್ಲ. ಹೀಗಿದ್ದೂ ಪ್ರಕಟಣೆಯಲ್ಲಿ ‘ಯುವಕರು’ ಎಂದು ಮಾತ್ರ ಬರೆದರೆ ಕೊಡಬಲ್ಲ ಹೆಂಗಸರೂ ತಮ್ಮನ್ನು ಕರೆದಿಲ್ಲ ಅಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ.

ಎರಡು ದಾನಗಳ ನಡುವಿನ ಅಂತರ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ. ಇದನ್ನು ಮರೆತು ದಿನ ಗೊತ್ತು ಮಾಡಿದರೆ ಏನಾಗುತ್ತದೆ ಎಂದು ನಮ್ಮ ಕ್ಯಾಲೆಂಡರಿನಲ್ಲೇ ನೋಡಬಹುದು. ಕರ್ನಾಟಕದ ಸಂಘಗಳಿಗೆ ಆಗಸ್ಟ್ 15 ಮತ್ತು ನವೆಂಬರ್ 1 ಎರಡೂ ಪ್ರೀತಿಯ ದಿನಗಳು. ನಡುವೆ ಇರುವುದು 78 ದಿನ. ಸ್ವಾತಂತ್ರ್ಯ ದಿನ ಕೊಟ್ಟ ಒಬ್ಬರೂ ರಾಜ್ಯೋತ್ಸವಕ್ಕೆ ಕೊಡಲಾಗದು. ಗಂಡಸರಿಗೆ ನವೆಂಬರ್ 13 ಬರಬೇಕು. ಹಾಗೆಯೇ ಜೂನ್ 14ರಂದು ಕೊಟ್ಟ ಗಂಡಸು ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ ತಯಾರು, ಅದೇ ದಿನ ಕೊಟ್ಟ ಹೆಂಡತಿ ಅಕ್ಟೋಬರ್ 12ರವರೆಗೆ ಕಾಯಬೇಕು. ದಿನ ಗೊತ್ತು ಮಾಡುವಾಗ ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಗಳನ್ನೂ ನೋಡಿಕೊಳ್ಳುವುದು ಒಳ್ಳೆಯದು. ಉಪವಾಸ ಇರುವವರಿಂದ ರಕ್ತ ಪಡೆಯಬಾರದೆಂದು ನಿಯಮವೇ ಇದೆ.

ಯಾರು ಸದ್ಯಕ್ಕೆ ಬರಬಾರದು ಎಂಬ ಪಟ್ಟಿ ಉದ್ದ. ಅದನ್ನೆಲ್ಲ ಪ್ರಕಟಣೆಗೆ ತುರುಕುವಂತಿಲ್ಲ. ಊರಿನಲ್ಲಿ ಹೆಚ್ಚು ಕಾಣುವ ಮೂರು ಸಾಕು: ಹಚ್ಚೆ ಹಾಕಿಸಿಕೊಂಡು 12 ತಿಂಗಳು, ಡೆಂಗಿ ವಾಸಿಯಾಗಿ ಆರು ತಿಂಗಳು, ಟೈಫಾಯ್ಡ್ ವಾಸಿಯಾಗಿ 12 ತಿಂಗಳು ಆಗಿರಬೇಕು. ‘ಬಿಪಿ, ಶುಗರ್ ಇರುವವರಿಗೆ ಅವಕಾಶವಿಲ್ಲ’ ಎಂಬ ಸಾಲು ಹಲವು ಪ್ರಕಟಣೆಗಳಲ್ಲಿ ಬರುತ್ತದೆ. ಅದು ತಪ್ಪು. ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ಪಥ್ಯ ಅಥವಾ ಮಾತ್ರೆಯಲ್ಲಿ ಸಕ್ಕರೆ ಹಿಡಿತದಲ್ಲಿದ್ದವರನ್ನು, ಮಾತ್ರೆಯಿಂದ ರಕ್ತದೊತ್ತಡ ಮಿತಿಯಲ್ಲಿದ್ದವರನ್ನು ವೈದ್ಯರು ನೋಡಿ ಒಪ್ಪಬಹುದು. ‘ಮಾತ್ರೆ ಸೇವಿಸುವವರು ಚೀಟಿ ತನ್ನಿ’ ಎಂದರೆ ಕೆಲಸ ಮುಗಿಯಿತು.

ಪ್ರಕಟಣೆಯಲ್ಲಿ ಇರಲೇಬಾರದ ಎರಡು ಸಾಲುಗಳಿವೆ. ‘ರಕ್ತದಾನಿಗಳಿಗೆ ಹೆಲ್ಮೆಟ್ ಉಚಿತ’ ಎಂಬುದು ಒಂದು. ನಮ್ಮಲ್ಲಿ ಹಣಕ್ಕೆ ರಕ್ತ ಮಾರುವವರ ಕಾಲ ಒಂದಿತ್ತು. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಎರಡು ವರ್ಷದೊಳಗೆ ಆ ಪದ್ಧತಿ ನಿಲ್ಲಬೇಕು ಎಂದಿತು. ಉಡುಗೊರೆಯ ಆಸೆಗೆ ಬಂದವರು ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡುತ್ತಾರೆ ಎಂಬ ಆತಂಕ ಇಂದಿಗೂ ಅದೇ. ಎರಡನೆಯದು ‘ಉಚಿತ ಎಚ್‌ಐವಿ ಪರೀಕ್ಷೆ’. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ ನಿಜ. ಆದರೆ ಹೊಸದಾಗಿ ತಗುಲಿದ ಸೋಂಕು ಕೆಲವು ದಿನ ಯಾವ ಪರೀಕ್ಷೆಗೂ ಸಿಗುವುದಿಲ್ಲ. ತನ್ನ ಮೇಲೆ ಅನುಮಾನವಿದ್ದು ಪರೀಕ್ಷೆಗಾಗಿಯೇ ಬಂದವನ ಚೀಲ ಆ ದಿನಗಳದ್ದಾಗಿದ್ದರೆ ಅದು ರೋಗಿಯ ಮೈ ಸೇರುತ್ತದೆ. ಅನುಮಾನ ಇದ್ದವರಿಗೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಗುಟ್ಟು ಕಾಯುವ ಉಚಿತ ಪರೀಕ್ಷೆ ಇದೆ.

ಇಷ್ಟೆಲ್ಲ ತಿಳಿದ ಮೇಲೆ ಬರೆಯುವುದು ಕಷ್ಟವೇನಲ್ಲ. ಸಂಘದ ಲೆಟರ್‌ಹೆಡ್‌ನಲ್ಲಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಮೂರು ದಿನ ಮೊದಲೇ, ಸಂಜೆಯೊಳಗೆ ಪತ್ರಿಕಾ ಕಚೇರಿ ಮುಟ್ಟಿಸಬೇಕು. ತಾರೀಕಿನ ಜೊತೆ ವಾರ ಇರಲಿ. ಮುಖ್ಯವಾದದ್ದು ಮೇಲೆ, ಅತಿಥಿಗಳು ಕೆಳಗೆ. 2026ರ ಜೂನ್ 14ಕ್ಕೆ ಶಿಬಿರ ಇಟ್ಟುಕೊಂಡ ಒಂದು ತಾಲ್ಲೂಕಿನ ಬಳಗ ಎಂದಿಟ್ಟುಕೊಂಡರೆ ಪ್ರಕಟಣೆ ಹೀಗಿರಬಹುದು:

‘ಜೂನ್ 14ರ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ, ತಾಲ್ಲೂಕು ಕಚೇರಿ ಎದುರಿನ ಸರ್ಕಾರಿ ಪದವಿಪೂರ್ವ ಕಾಲೇಜಿನ ನೆಲಮಹಡಿಯಲ್ಲಿ, ಜಿಲ್ಲಾಸ್ಪತ್ರೆ ರಕ್ತನಿಧಿಯ ಸಹಯೋಗದಲ್ಲಿ ರಕ್ತದಾನ ಶಿಬಿರ. 18ರಿಂದ 65 ವರ್ಷದ, 45 ಕಿಲೊಗೆ ಕಡಿಮೆಯಿಲ್ಲದ ಗಂಡಸರು, ಹೆಂಗಸರು ಕೊಡಬಹುದು. ಮೊದಲ ಸಲ ಕೊಡುವವರು 60 ದಾಟಿರಬಾರದು. ಹಿಂದಿನ ದಾನವಾಗಿ ಗಂಡಸರಿಗೆ 90, ಹೆಂಗಸರಿಗೆ 120 ದಿನ ಆಗಿರಬೇಕು. ಒಂದು ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡವರು, ಟೈಫಾಯ್ಡ್ ಆದವರು, ಆರು ತಿಂಗಳೊಳಗೆ ಡೆಂಗಿ ಆದವರು ಈ ಸಲ ಬೇಡ. ಮಾತ್ರೆ ಸೇವಿಸುವವರು ಚೀಟಿ ತನ್ನಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದೇ ಬನ್ನಿ.’