ಲಕ್ವ ಹೊಡೆದಾಗ ಮೊದಲು ಸಿಟಿ ಏಕೆ?

ಮಾತು ತೊದಲಿ, ಬಲಗೈ ಸ್ವಾಧೀನ ತಪ್ಪಿದವರು ಆಸ್ಪತ್ರೆಗೆ ಬಂದರೆ ಮೊದಲ ಪ್ರಶ್ನೆ: ಮಿದುಳಿನಲ್ಲಿ ರಕ್ತ ಸೋರಿದೆಯೋ, ನಾಳ ಕಟ್ಟಿದೆಯೋ? ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ರಕ್ತ ಸೋರಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು.

ಸಿಟಿಯಲ್ಲಿ ಎಕ್ಸ್‌ರೇ ಕೊಳವೆ ತಲೆಯ ಸುತ್ತ ತಿರುಗುತ್ತದೆ. ಕೆಲವೇ ನಿಮಿಷದಲ್ಲಿ ಸಿಗುವ ಚಿತ್ರದಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ಆದರೆ ನಾಳ ಕಟ್ಟಿದ ಮೊದಲ ತಾಸುಗಳಲ್ಲಿ ಸಿಟಿ ಏನೂ ತೋರಿಸದಿರಬಹುದು. ‘ಸಿಟಿ ನಾರ್ಮಲ್’ ಎಂದು ಮನೆಯವರು ನಿಟ್ಟುಸಿರು ಬಿಡುವುದು ಇಲ್ಲೇ!

ಆಗ ನೆರವಾಗುವುದು ಎಂಆರ್‌ಐ. ಬಲವಾದ ಕಾಂತಕ್ಷೇತ್ರದಲ್ಲಿ ದೇಹದ ನೀರಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತವನ್ನು ಅದು ಓದುತ್ತದೆ. ರಕ್ತ ಸಿಗದ ಜೀವಕೋಶಗಳು ಊದಿ ನೀರಿನ ಓಡಾಟ ತಗ್ಗಿದ ಜಾಗ ಬೇಗನೆ ಹೊಳೆಯುತ್ತದೆ. ಸಮಯ ಹೆಚ್ಚು ಬೇಕು, ಪೇಸ್‌ಮೇಕರ್ ಇದ್ದರೆ ತೊಡಕು.

ಅಲ್ಟ್ರಾಸೌಂಡಿನ ಶಬ್ದತರಂಗಕ್ಕೆ ತಲೆಬುರುಡೆಯೇ ಅಡ್ಡಿ. ಹೆಪ್ಪು ಹೊರಟ ಮೂಲವನ್ನು ಕತ್ತಿನ ರಕ್ತನಾಳದಲ್ಲಿ ಹುಡುಕಲು ಅದು ಸಾಕು.