ಕೆಂಪು ತುದಿ ತಲೆಯ ಕಡೆಗೆ

ಮೂರು ವರ್ಷದ ಮಗುವೊಂದನ್ನು ಅಪ್ಪ ತೋಳಿನಲ್ಲಿ ಹೊತ್ತುಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಓಡಿ ಬರುತ್ತಾನೆ ಎಂದುಕೊಳ್ಳಿ. ಮಗುವಿಗೆ ಉಸಿರಿಲ್ಲ, ನಾಡಿಯೂ ಸಿಗುತ್ತಿಲ್ಲ. ಒಬ್ಬರು ಎದೆ ಒತ್ತಲು ಶುರುಮಾಡುತ್ತಾರೆ, ಇನ್ನೊಬ್ಬರು ಮುಖಕ್ಕೆ ಮಾಸ್ಕ್ ಹಿಡಿದು ಉಸಿರು ಕೊಡುತ್ತಾರೆ. ಮುಂದಿನದು ಅಡ್ರಿನಲಿನ್. ದೊಡ್ಡವರಿಗಾದರೆ ಲೆಕ್ಕ ಬೇಡ, ಒಂದು ಮಿಲಿಗ್ರಾಂ. ಮಕ್ಕಳಿಗೆ ಮಾತ್ರ ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಎದೆ ಒತ್ತುತ್ತಿರುವ ಮಗುವನ್ನು ಎತ್ತಿ ತಕ್ಕಡಿಯ ಮೇಲೆ ಇಡುವಂತಿಲ್ಲ. ವಯಸ್ಸಿಗೆ ನಾಲ್ಕು ಕೂಡಿಸಿ ಎರಡರಿಂದ ಗುಣಿಸುವ ಹಳೆಯ ಸೂತ್ರವಿದೆ. ಆದರೆ ಒಂದೇ ವಯಸ್ಸಿನ ಇಬ್ಬರು ಮಕ್ಕಳ ತೂಕದಲ್ಲಿ ನಾಲ್ಕೈದು ಕಿಲೋ ವ್ಯತ್ಯಾಸವಿರುವುದನ್ನು ಯಾವ ಅಂಗನವಾಡಿಯಲ್ಲಾದರೂ ನೋಡಬಹುದು.

ಅಮೆರಿಕದ ನಾರ್ತ್ ಕ್ಯಾರೊಲಿನಾದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ದಾರಿ ಉದ್ದ. ಮಗುವಿನ ತೂಕ ವಯಸ್ಸಿಗಿಂತ ಉದ್ದಕ್ಕೇ ಹೆಚ್ಚು ಹೊಂದಿಕೊಂಡಿರುತ್ತದೆ, ಮಲಗಿದ ಮಗುವಿನ ಉದ್ದವನ್ನು ಕ್ಷಣದಲ್ಲಿ ಅಳೆಯಲೂಬಹುದು. ಅವರ ಹೆಸರಿನ ಟೇಪಿನ ಮೇಲೆ ಸೆಂಟಿಮೀಟರುಗಳಿಗಿಂತ ಎದ್ದು ಕಾಣುವುದು ಬಣ್ಣದ ಪಟ್ಟೆಗಳು. ಒಂದೊಂದು ಪಟ್ಟೆಯೊಳಗೂ ಆ ಗಾತ್ರದ ಮಗುವಿಗೆ ಬೇಕಾದ ಔಷಧಿಗಳ ಪ್ರಮಾಣವನ್ನು ಮೊದಲೇ ಲೆಕ್ಕ ಹಾಕಿ ಅಚ್ಚು ಹಾಕಿರುತ್ತಾರೆ. ಗಂಟಲಿಗೆ ಇಳಿಸುವ ಕೊಳವೆಯ ಅಳತೆಯೂ ಅಲ್ಲೇ ಇರುತ್ತದೆ.

ಬಳಸುವ ಕ್ರಮ ಸರಳ, ತಪ್ಪುವುದೂ ಸುಲಭ. ಟೇಪಿನ ಕೆಂಪು ತುದಿ ನೆತ್ತಿಯ ಮಟ್ಟಕ್ಕೆ ಬರಬೇಕು. ಕಾಲನ್ನು ನೇರ ಮಾಡಿ ಹಿಮ್ಮಡಿಯವರೆಗೆ ಅಳೆಯಬೇಕು, ಹೆಬ್ಬೆರಳಿನವರೆಗೆ ಅಲ್ಲ. ಪ್ರಜ್ಞೆಯಿಲ್ಲದ ಮಗುವಿನ ಪಾದ ಮುಂದಕ್ಕೆ ಜೋತಿರುತ್ತದೆ. ಬೆರಳ ತುದಿಯವರೆಗೆ ಅಳೆದರೆ ಕೆಲವು ಸೆಂಟಿಮೀಟರ್ ಹೆಚ್ಚಾಗಿ ಪಕ್ಕದ ಬಣ್ಣಕ್ಕೆ ಜಾರಬಹುದು. ಮಂಡಿ ಮಡಚಿದ್ದರೆ ಹಿಂದಿನ ಬಣ್ಣ.

ನಮ್ಮ ಮಗುವಿನ ಹಿಮ್ಮಡಿ 90 ಸೆಂಟಿಮೀಟರಿಗೆ, ಹಳದಿ ಪಟ್ಟೆಯ ಮೇಲೆ ಬಿತ್ತು. ಹಳದಿ ಎಂದರೆ 12ರಿಂದ 14 ಕಿಲೋ. ಲೆಕ್ಕಕ್ಕೆ 13 ಹಿಡಿದರೆ ಅಡ್ರಿನಲಿನ್ 0.13 ಮಿಲಿಗ್ರಾಂ.

ಇದು ನಮ್ಮ ಮಕ್ಕಳಿಗೂ ಸರಿಯೇ? ಮುಂಬೈಯಲ್ಲಿ ಮಕ್ಕಳನ್ನು ಅಳೆದು, ತೂಗಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಹತ್ತು ಕಿಲೋ ದಾಟಿದ ಮಕ್ಕಳಲ್ಲಿ ಈ ಟೇಪು ತೂಕವನ್ನು ಶೇಕಡ 10ಕ್ಕಿಂತ ಹೆಚ್ಚಾಗಿಯೇ ಅಂದಾಜಿಸುತ್ತದೆ ಎಂದು ಅದು ಕಂಡಿತು. ಅಮೆರಿಕದ ಮಕ್ಕಳ ಅಂಕಿಗಳ ಮೇಲೆ ನಿಂತ ಟೇಪು ನಮ್ಮ ತೆಳುಮೈಯ ಮಕ್ಕಳನ್ನು ದಪ್ಪ ಎಂದುಕೊಳ್ಳುವುದು ಸಹಜ. ಬೊಜ್ಜಿನ ಮಕ್ಕಳಲ್ಲಿ ಇದು ತಿರುಗುಮುರುಗು. ಅಧ್ಯಯನ ಸೂಚಿಸಿದಂತೆ ಹತ್ತರಲ್ಲೊಂದು ಪಾಲು ಕಳೆದರೆ ನಮ್ಮ ಮಗು 11.7 ಕಿಲೋ, ಔಷಧಿ ಸುಮಾರು 0.12 ಮಿಲಿಗ್ರಾಂ. ನಿಂತ ಹೃದಯಕ್ಕೆ 0.13 ಮತ್ತು 0.12ರ ನಡುವಿನ ಅಂತರ ದೊಡ್ಡದಲ್ಲ. ಅದರ ಬಗ್ಗೆ ನಡೆಯುವ ಚರ್ಚೆಯ ಅರ್ಧದಷ್ಟನ್ನಾದರೂ ಔಷಧಿಯ ಸೀಸೆಯ ಬಗ್ಗೆ ನಡೆಸಬೇಕು ಎಂಬುದು ನನ್ನ ಅನಿಸಿಕೆ.

ಏಕೆಂದರೆ ನಮ್ಮ ಆಸ್ಪತ್ರೆಗಳ ಟ್ರಾಲಿಯಲ್ಲಿ ಸಾಮಾನ್ಯವಾಗಿ ಸಿಗುವ ಅಡ್ರಿನಲಿನ್ ಆಂಪೂಲಿನಲ್ಲಿ ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುತ್ತದೆ. ಮಕ್ಕಳಿಗೆ ರಕ್ತನಾಳದ ಮೂಲಕ ಕೊಡುವಾಗ ಅದಕ್ಕೆ ಒಂಬತ್ತು ಮಿಲಿಲೀಟರ್ ಸಲೈನ್ ಬೆರೆಸಿ ಹತ್ತು ಮಾಡಿಕೊಳ್ಳಬೇಕು. ಹಾಗೆ ತೆಳುವಾದ ದ್ರಾವಣದಲ್ಲಿ 0.13 ಮಿಲಿಗ್ರಾಂ ಎಂದರೆ 1.3 ಮಿಲಿಲೀಟರ್. ಗಡಿಬಿಡಿಯಲ್ಲಿ ಸಲೈನ್ ಬೆರೆಸದೆ ಅದೇ 1.3 ಮಿಲಿಲೀಟರ್ ಎಳೆದರೆ 1.3 ಮಿಲಿಗ್ರಾಂ, ಅಂದರೆ ಬೇಕಾದದ್ದರ ಹತ್ತರಷ್ಟು, ಆಳೆತ್ತರದ ಮನುಷ್ಯನಿಗೆ ಕೊಡುವುದಕ್ಕಿಂತಲೂ ಹೆಚ್ಚು! ಹೃದಯ ಮತ್ತೆ ಬಡಿದರೂ ರಕ್ತದೊತ್ತಡ ಮಿತಿಮೀರಿ ಏರಿ, ಬಡಿತದ ಲಯ ಕೆಡಬಹುದು. ಟೇಪು ಎಷ್ಟೇ ಸರಿಯಿದ್ದರೂ ಈ ತಪ್ಪನ್ನು ತಡೆಯಲಾರದು. ಅದರ ಮೇಲೆ ಮಿಲಿಲೀಟರಿನಲ್ಲಿ ಅಂಕಿ ಅಚ್ಚಾಗಿದ್ದರಂತೂ ಅದು ಯಾವ ಸಾಂದ್ರತೆಯ ಔಷಧಿಗೆ ಹೊಂದುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡಿರಬೇಕು.

ತಪ್ಪನ್ನು ಹಿಡಿಯಲು ಒಂದು ಒರಟು ಲೆಕ್ಕವಿದೆ. ಸಲೈನ್ ಬೆರೆಸಿದ ಮೇಲೆ ಹತ್ತು ಕಿಲೋ ಮಗುವಿಗೆ ಒಂದು ಮಿಲಿಲೀಟರ್. ಸಿರಿಂಜಿನಲ್ಲಿ ಹತ್ತು ಮಿಲಿಲೀಟರ್ ಇರುವಾಗ ನಮ್ಮ ಮಗುವಿಗೆ ಹೋಗುವುದು ಎಂಟನೇ ಒಂದು ಪಾಲಿನಷ್ಟು. ಒಂದೇ ಸಲಕ್ಕೆ ಆಂಪೂಲ್ ಪೂರ್ತಿ ಖಾಲಿಯಾಯಿತೆಂದರೆ ಎಲ್ಲೋ ಎಡವಟ್ಟಾಗಿದೆ. ಅದಕ್ಕೇ ವೈದ್ಯರು ಬಣ್ಣ, ಮಿಲಿಗ್ರಾಂ, ಮಿಲಿಲೀಟರ್ ಮೂರನ್ನೂ ಗಟ್ಟಿಯಾಗಿ ಹೇಳಿ, ಸಿಸ್ಟರ್ ಅದನ್ನು ಹಾಗೆಯೇ ತಿರುಗಿ ಹೇಳುವ ರೂಢಿ ಒಳ್ಳೆಯದು. ಮೂರರಿಂದ ಐದು ನಿಮಿಷಕ್ಕೊಮ್ಮೆ ಇದೇ ಔಷಧಿ ಮತ್ತೆ ಹೋಗುವುದರಿಂದ, ಬೆರೆಸಿದ ಸಿರಿಂಜಿನ ಮೇಲೆ ಚೀಟಿ ಅಂಟಿಸಿದ್ದರೆ ಎರಡನೆಯ ಸಲ ಗೊಂದಲವಿರದು.

ಟೇಪಿನ ಹಸಿರು ಪಟ್ಟೆ 36 ಕಿಲೋಗೆ ಮುಗಿಯುತ್ತದೆ. ಮಗುವಿನ ಹಿಮ್ಮಡಿ ಅದನ್ನೂ ದಾಟಿದರೆ ಟೇಪಿನ ಕೆಲಸ ಮುಗಿಯಿತು. ನಿಜವಾದ ತೂಕ ಗೊತ್ತಿದ್ದರೆ ಟೇಪೇ ಬೇಡ. ಅಂಗನವಾಡಿಯಲ್ಲಿ ಕಳೆದ ತಿಂಗಳು 11 ಕಿಲೋ ಎಂದು ತಾಯಿ ಕಾರ್ಡಿನಲ್ಲಿ ಬರೆದಿದ್ದರೆ, ಹಳದಿ ಪಟ್ಟೆ ಏನೇ ಹೇಳಲಿ, ವೈದ್ಯರು ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ 11.