ಇಟ್ಟಿಗೆ ಸಾವಿರ, ಗಾರೆ ಎಷ್ಟು?

ಕಾಂಪೌಂಡ್ ಕಟ್ಟಿಸುವವರು ಮೊದಲು ಕೇಳುವುದು ಇಟ್ಟಿಗೆಯ ಲೆಕ್ಕ. ಕೊನೆಗೆ ದುಡ್ಡು ಸಾಲದೆ ಬರುವುದು ಮಾತ್ರ ಪ್ಲಾಸ್ಟರಿಂಗ್‌ನಲ್ಲಿ.

ನಲವತ್ತು ಅಡಿ ಉದ್ದ, ಪಾಯದ ಮೇಲೆ ಐದು ಅಡಿ ಎತ್ತರದ ಒಂಟಿ ಇಟ್ಟಿಗೆ ಗೋಡೆ, ಹತ್ತು ಅಡಿಗೊಂದರಂತೆ ಐದು ಪಿಲ್ಲರ್ ಎಂದುಕೊಳ್ಳೋಣ. ಪಾಯದ ಖರ್ಚು ಮಣ್ಣನ್ನು ನೋಡಿ ಹೇಳಬೇಕಾದದ್ದು, ಅದನ್ನು ಬೇರೆಯೇ ಇಡೋಣ. 9 ಇಂಚು ಉದ್ದ, 3 ಇಂಚು ಎತ್ತರದ ಇಟ್ಟಿಗೆಗೆ ಅರ್ಧ ಇಂಚಿನ ಗಾರೆ ಸೇರಿದರೆ ಒಂದು ಚದರಡಿಗೆ ಸುಮಾರು 4.33 ಇಟ್ಟಿಗೆ ಬೇಕು. 200 ಚದರಡಿಗೆ 866 ಆಯಿತು. ಪಿಲ್ಲರ್‌ಗೆ 85, ಒಡೆದು ಹೋಗುವುದಕ್ಕೆ ಐವತ್ತು ಸೇರಿಸಿ ಸಾವಿರ ತರಿಸಬಹುದು.

ಆದರೆ ಇಟ್ಟಿಗೆ ಊರಿಂದೂರಿಗೆ ಬದಲಾಗುತ್ತದೆ. ಗೂಡಿಗೆ ಹೋದಾಗ ಹತ್ತು ಇಟ್ಟಿಗೆಯನ್ನು ಉದ್ದಕ್ಕೆ ಜೋಡಿಸಿ, ಆಮೇಲೆ ಒಂದರ ಮೇಲೊಂದು ಪೇರಿಸಿ ಟೇಪ್ ಹಿಡಿಯಿರಿ. ಉದ್ದದಲ್ಲಿ ಅರ್ಧ ಇಂಚು, ಎತ್ತರದಲ್ಲಿ ಕಾಲು ಇಂಚು ಕಡಿಮೆ ಬಂದರೆ ಇದೇ ಗೋಡೆಗೆ ನೂರಕ್ಕೂ ಹೆಚ್ಚು ಇಟ್ಟಿಗೆ ಕೂಡುತ್ತದೆ.

ಕಟ್ಟುವ ಗಾರೆಗೆ ಒಂದಕ್ಕೆ ಆರು ಮಿಶ್ರಣದಲ್ಲಿ ಎರಡೂವರೆ ಚೀಲ ಸಿಮೆಂಟ್, 19 ಘನ ಅಡಿ ಮರಳು ಸಾಕು. ಪ್ಲಾಸ್ಟರಿಂಗ್‌ಗೆ ಎರಡೂ ಮುಖ, ಪಿಲ್ಲರ್‌ನ ಪಕ್ಕ, ಗೋಡೆಯ ನೆತ್ತಿ ಸೇರಿ 435 ಚದರಡಿ. ಅರ್ಧ ಇಂಚು ದಪ್ಪಕ್ಕೆ, ಒಂದಕ್ಕೆ ಐದು ಹಾಕಿದರೆ ನಾಲ್ಕು ಚೀಲ, 25 ಘನ ಅಡಿ ಮರಳು. ಗೋಡೆ ಕಟ್ಟುವುದಕ್ಕಿಂತ ಅದಕ್ಕೆ ಮೆತ್ತುವುದಕ್ಕೇ ಸಿಮೆಂಟ್ ಜಾಸ್ತಿ!

ಕೂಲಿಯೂ ಹಾಗೆಯೇ. ಪಿಲ್ಲರ್ ಇರುವ ಗೋಡೆಯಲ್ಲಿ ಒಬ್ಬ ಮೇಸ್ತ್ರಿ ದಿನಕ್ಕೆ ನಾನೂರು ಇಟ್ಟಿಗೆ ಕೂರಿಸಿದರೆ ಎರಡೂವರೆ ದಿನ. ಪ್ಲಾಸ್ಟರಿಂಗ್ ದಿನಕ್ಕೆ ನೂರ ಹತ್ತು ಚದರಡಿಯಂತೆ ನಾಲ್ಕು ದಿನ. ಲೆಕ್ಕಕ್ಕಾಗಿ ಇಟ್ಟಿಗೆಗೆ 10 ರೂಪಾಯಿ, ಸಿಮೆಂಟ್ ಚೀಲಕ್ಕೆ 400, ಎಂ-ಸ್ಯಾಂಡ್ ಘನ ಅಡಿಗೆ 60, ಮೇಸ್ತ್ರಿಗೆ 1,000, ಆಳಿಗೆ 700 ಎಂದು ಹಿಡಿಯುತ್ತೇನೆ. ನಿಮ್ಮೂರಿನ ದರ ಹಾಕಿಕೊಳ್ಳಿ. ಇಟ್ಟಿಗೆ 10,000, ಏಳು ಚೀಲ ಸಿಮೆಂಟ್ 2,800, ಚೆಲ್ಲುವುದೂ ಸೇರಿ 50 ಘನ ಅಡಿ ಮರಳು 3,000, ಏಳು ಮೇಸ್ತ್ರಿ ಕೂಲಿ ಮತ್ತು ಹತ್ತು ಆಳಿನ ಕೂಲಿ 14,000. ಒಟ್ಟು 29,800 ರೂಪಾಯಿ. ಅರ್ಧದಷ್ಟು ಕೂಲಿಯೇ.

ಈ ಲೆಕ್ಕ ತಪ್ಪುವುದು ಗೋಡೆಯ ಹಿಂಬದಿಯಲ್ಲಿ. ಮೇಸ್ತ್ರಿ ದಾರ ಕಟ್ಟಿ ಕೂರಿಸುವುದು ಒಂದೇ ಮುಖಕ್ಕೆ. ಇಟ್ಟಿಗೆಯ ಅಗಲ ಒಂದೇ ಸಮ ಇರುವುದಿಲ್ಲವಾದ್ದರಿಂದ ಇನ್ನೊಂದು ಮುಖ ಉಬ್ಬುತಗ್ಗಾಗುತ್ತದೆ. ಆ ಬದಿಗೆ ಸರಾಸರಿ ಒಂದು ಇಂಚು ಗಾರೆ ಬಿದ್ದರೆ ಒಂದೂವರೆ ಚೀಲ ಸಿಮೆಂಟ್, ಒಂಬತ್ತು ಘನ ಅಡಿ ಮರಳು ಹೆಚ್ಚುತ್ತದೆ. ಹಾಗಾಗಿ ಪ್ಲಾಸ್ಟರಿಂಗ್ ಶುರುವಾಗುವ ಮುನ್ನ ಹಿಂಬದಿಗೆ ಪಿಲ್ಲರ್‌ನಿಂದ ಪಿಲ್ಲರ್‌ಗೆ ದಾರ ಎಳೆದು, ಅತ್ಯಂತ ಉಬ್ಬಿದ ಇಟ್ಟಿಗೆಗೆ ಅದು ತಾಗಿಕೊಂಡಿರುವಂತೆ ಹಿಡಿದು, ತಗ್ಗುಗಳನ್ನು ಅಳೆಯಿರಿ. ಮುಕ್ಕಾಲು ಇಂಚು ದಾಟಿದ ಕಡೆ ಮೊದಲೇ ಒಂದು ಒರಟು ಪದರ ಹಚ್ಚಿಸಿ ಒಣಗಲು ಬಿಡಿ. ಒಂದೇ ಸಲಕ್ಕೆ ದಪ್ಪ ಮೆತ್ತಿದ ಗಾರೆ ಜಾರುತ್ತದೆ, ಆಮೇಲೆ ಬಿರುಕು ಬಿಡುತ್ತದೆ.